ಟವೆಲ್ಲಿನ ಕೆಳಗಿನ ಖಾಲಿ ಮುಷ್ಟಿ

ಚನ್ನಗಿರಿಯ ತಾಲ್ಲೂಕು ಕಚೇರಿಯ ಎದುರಿನ ಝೆರಾಕ್ಸ್ ಅಂಗಡಿಗಳ ಸಾಲಿನಲ್ಲಿ ಶಿವಲೀಲಾಳ ಟೈಪಿಂಗ್ ಅಂಗಡಿ ಕೊನೆಯದು. ಅದರ ಮುಂದಿನ ಮೊಣಕಾಲೆತ್ತರದ ಕಟ್ಟೆಯೇ ಮರುಳಪ್ಪನ ಆಫೀಸು. ಬೋರ್ಡಿಲ್ಲ, ಮೇಜಿಲ್ಲ. ಬೆಳಿಗ್ಗೆ ಹತ್ತಕ್ಕೆ ಬಂದು, ಹೆಗಲ ಮೇಲಿನ ಕೆಂಪಂಚಿನ ಟವೆಲ್ಲಿನಿಂದ ಕಟ್ಟೆಯ ಧೂಳನ್ನು ಎರಡು ಸಲ ಝಾಡಿಸಿ ಕೂತನೆಂದರೆ ಅಂದಿನ ವ್ಯವಹಾರ ಶುರುವಾದಂತೆ. ವರ್ಗವಾಗಿ ಬಂದ ಮೇಷ್ಟ್ರಿಗೆ ಮನೆ, ಮೊಬೈಲ್ ರಿಪೇರಿಯವನಿಗೆ ಮಳಿಗೆ, ಹೊಸದಾಗಿ ಮದುವೆಯಾದವರಿಗೆ ನಲ್ಲಿ ನೀರು ಬರುವ ಎರಡು ಕೋಣೆ, ಎಲ್ಲವನ್ನೂ ಅವನೇ ಹುಡುಕಿಕೊಡಬೇಕು. ಊರಿನ ಖಾಲಿ ಕೋಣೆಗಳೆಲ್ಲ ಅವನ ತಲೆಯೊಳಗೆ ಬೀಗದ ಕೈ ಸಮೇತ ಇದ್ದವು.

ಅವನಿಗೀಗ ಅರವತ್ತೆರಡು. ಹುಟ್ಟಿದ್ದು ಜಗಳೂರಿನ ಕಡೆಯ ಹಳ್ಳಿಯಲ್ಲಿ. ಮನೆ ಹುಡುಕಿಕೊಡುವ ಕೆಲಸಕ್ಕೆ ಬರುವ ಮೊದಲು ಇಪ್ಪತ್ತು ವರ್ಷ ದನದ ದಲ್ಲಾಳಿಯಾಗಿದ್ದ. ಜಗಳೂರು, ಹೊನ್ನಾಳಿ, ನ್ಯಾಮತಿ ಎಂದು ಸಂತೆಯಿಂದ ಸಂತೆಗೆ ತಿರುಗುತ್ತಿದ್ದ. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದ, ಬಾಲ ಮುಟ್ಟಿ ಗುಣ ಹೇಳುತ್ತಿದ್ದ. ಸಂತೆಯಲ್ಲಿ ಯಾರೂ ಬೆಲೆಯನ್ನು ಬಾಯಿಬಿಟ್ಟು ಆಡುವುದಿಲ್ಲ. ಇಬ್ಬರ ಕೈಗಳ ಮೇಲೆ ಟವೆಲ್ ಮುಚ್ಚಿ, ಅದರ ಕೆಳಗೆ ಬೆರಳು ಹಿಡಿಯುತ್ತಾರೆ. ಹಿಡಿದಷ್ಟು ಬೆರಳಿಗೆ ಅಷ್ಟು ಸಾವಿರ. ಸುತ್ತ ನಿಂತವರಿಗೆ ಕಾಣುವುದು ಟವೆಲ್ ಅಲುಗಾಡುವುದು ಮಾತ್ರ. ಮೊದಲು ಮಾರುವವನ ಕೈ, ಆಮೇಲೆ ಕೊಳ್ಳುವವನ ಕೈ. ಎರಡರ ಲೆಕ್ಕವೂ ತಿಳಿದಿರುವುದು ನಡುವೆ ನಿಂತ ದಲ್ಲಾಳಿಗೊಬ್ಬನಿಗೇ.

ಊರೂರಿಗೆ ಟಿಲ್ಲರು, ಟ್ರ್ಯಾಕ್ಟರುಗಳು ಬಂದು ಎತ್ತುಗಳು ಕಡಿಮೆಯಾದವು. ಮರುಳಪ್ಪ ಹೆಂಡತಿ ಗಾದ್ರಮ್ಮನ ತವರಾದ ಚನ್ನಗಿರಿಗೆ ಬಂದು ನೆಲೆಸಿದ. ಎತ್ತಿನ ಬದಲು ಮನೆ ತೋರಿಸತೊಡಗಿದ. ಆದರೆ ಟವೆಲ್ ಬಿಡಲಿಲ್ಲ. ಬಾಡಿಗೆಯನ್ನು ಎಲ್ಲರೆದುರು ಬಾಯಲ್ಲೇ ಮಾತಾಡುತ್ತಿದ್ದ. ತನ್ನ ಕಮಿಷನ್ ಮಾತು ಬಂದಾಗ ಮಾತ್ರ ಟವೆಲ್ ಹೆಗಲಿನಿಂದ ಕೆಳಗಿಳಿಯುತ್ತಿತ್ತು. ಮಾಲೀಕನ ಕೈ ಒಮ್ಮೆ, ಬಾಡಿಗೆಯವನ ಕೈ ಒಮ್ಮೆ. ಜನ ಅದನ್ನು ಆಟದಂತೆ ನೋಡಿ ನಗುತ್ತಿದ್ದರು, ಆದರೂ ಕೈ ಕೊಡುತ್ತಿದ್ದರು.

"ನಂದು ಒಂದೇ ರೂಲು ನೋಡ್ರಿ," ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ. "ಓನರ್ ಕಡೆಯಿಂದ ಒಂದು ತಿಂಗಳ ಬಾಡಿಗೆ, ನಿಮ್ಮ ಕಡೆಯಿಂದ ಒಂದು ತಿಂಗಳ ಬಾಡಿಗೆ. ತಕ್ಕಡಿ ಸಮ."

ತಕ್ಕಡಿ ಸಮ ಇರಲಿಲ್ಲ. ಮುಖ್ಯವಾಗಿ ಮುರುಗೇಶಪ್ಪನ ಮಳಿಗೆಗಳ ವಿಷಯದಲ್ಲಿ.

ಮುರುಗೇಶಪ್ಪ ಬಸವಾಪಟ್ಟಣದ ಅಡಿಕೆ ವ್ಯಾಪಾರಿ. ಚನ್ನಗಿರಿಯ ಬಸ್ ನಿಲ್ದಾಣದ ಹತ್ತಿರ ಅವನ ಆರು ಮಳಿಗೆಗಳ ಕಟ್ಟಡವಿತ್ತು. ಹತ್ತು ವರ್ಷದ ಹಿಂದೆ ಮೊದಲನೇ ಮಳಿಗೆಗೆ ಬಾಡಿಗೆಯವನನ್ನು ಕರೆತಂದ ದಿನ ಮರುಳಪ್ಪ ಟವೆಲ್ ಮುಚ್ಚಿ ಕೈ ಚಾಚಿದಾಗ, ಬೆರಳುಗಳ ಜಾಗದಲ್ಲಿ ಒಂದು ಗಟ್ಟಿ ಮುಷ್ಟಿ ಸಿಕ್ಕಿತ್ತು. ಬಿಚ್ಚಲು ನೋಡಿದ. ಬಿಚ್ಚಲಿಲ್ಲ. ಮುರುಗೇಶಪ್ಪ ಕಣ್ಣಲ್ಲೇ ನಗುತ್ತಾ, "ಆರು ಮಳಿಗಿ ನಿನ್ನ ಕೈಗೇ ಹಾಕೀನಿ. ಇನ್ನೇನು ಬೇಕಪ್ಪ?" ಎಂದು ಕಿವಿಯಲ್ಲಿ ಹೇಳಿದ. ಎದುರಿಗೆ ನಿಂತ ಬಾಡಿಗೆಯವನು ಟವೆಲ್ಲನ್ನೇ ನೋಡುತ್ತಿದ್ದ. ಮರುಳಪ್ಪ ಟವೆಲ್ ಎತ್ತಿ, ಮುಖದಲ್ಲಿ ಏನನ್ನೂ ತೋರಿಸದೆ, "ಆಯ್ತು, ಓನರ್ ಒಪ್ಪಿದ್ರು. ಈಗ ನಿಮ್ಮ ಕೈ ಕೊಡ್ರಿ," ಅಂದ.

ಅಂದಿನಿಂದ ಪ್ರತಿ ಸಲವೂ ಅದೇ ಮುಷ್ಟಿ. ವರ್ಷಕ್ಕೆ ಅವನಿಗೆ ಕುದುರುತ್ತಿದ್ದ ಹತ್ತು ಹನ್ನೆರಡು ವ್ಯವಹಾರಗಳಲ್ಲಿ ನಾಲ್ಕೈದು ಆ ಕಟ್ಟಡದವೇ. ಮುರುಗೇಶಪ್ಪ ಮುನಿಸಿಕೊಂಡರೆ ಒಲೆಯ ಉರಿ ಅರ್ಧಕ್ಕೆ ಇಳಿಯುತ್ತಿತ್ತು.

ಈ ವರ್ಷ ಆ ಕಟ್ಟಡದ ಎರಡನೇ ಮಳಿಗೆ ಖಾಲಿಯಾದಾಗ ಸುಚಿತ್ರಾ ಬಂದಳು. ಉಬ್ರಾಣಿಯವಳು, ಮೂವತ್ತೈದರ ಹೆಂಗಸು. ಬ್ಲೌಸ್ ಹೊಲಿಯುವುದರಲ್ಲಿ, ಅದಕ್ಕೆ ಕಸೂತಿ ಹಾಕುವುದರಲ್ಲಿ ಹೆಸರು ಮಾಡಿದವಳು. ಮೂರು ಹೊಲಿಗೆ ಯಂತ್ರ, ಒಂದು ಎಂಬ್ರಾಯ್ಡರಿ ಯಂತ್ರ ಇಟ್ಟು ಅಂಗಡಿ ತೆರೆಯಬೇಕೆಂದಿದ್ದಳು. ಮಳಿಗೆಯೊಳಗೆ ಕಾಲಿಟ್ಟವಳೇ ಮೊದಲು ನೋಡಿದ್ದು ಕಿಟಕಿಯಿಂದ ಬೆಳಕು ಎಲ್ಲಿ ಬೀಳುತ್ತದೆ ಎಂಬುದನ್ನು.

"ಸೂಜಿಗೆ ದಾರ ಪೋಣಿಸಾಕೆ ಇಷ್ಟು ಬೆಳಕು ಸಾಕು," ಅಂದಳು. ಬಾಡಿಗೆ ಒಂಬತ್ತು ಸಾವಿರ, ಅಡ್ವಾನ್ಸ್ ತೊಂಬತ್ತು ಸಾವಿರ. ಅದಕ್ಕೆ ತಲೆಯಾಡಿಸಿದಳು. ಆಮೇಲೆ ಕೇಳಿದಳು, "ನಿಮ್ಮ ಕಮಿಷನ್ ಎಷ್ಟು ಅಣ್ಣಾರೆ?"

ಮರುಳಪ್ಪ ಹೆಗಲಿನಿಂದ ಟವೆಲ್ ತೆಗೆದ. ಆಕೆ ಎರಡೂ ಕೈಗಳನ್ನು ಹಿಂದಕ್ಕೆ ಎಳೆದುಕೊಂಡಳು.

"ಆ ಟವೆಲ್ ಯವ್ವಾರ ಬ್ಯಾಡ್ರಿ. ಬಾಯಲ್ಲೇ ಹೇಳ್ರಿ."

"ಓನರ್ ಒಂದು ತಿಂಗಳದ್ದು ಕೊಡ್ತಾರೆ, ನೀನೂ ಒಂದು ತಿಂಗಳದ್ದು ಕೊಡಬೇಕು ತಂಗಿ. ತಕ್ಕಡಿ ಸಮ."

"ಅವರು ಕೊಟ್ರೆ ನಾನೂ ಕೊಡ್ತೀನಿ. ಆದ್ರೆ ಮೂರೂ ಜನ ಸೈನ್ ಮಾಡಿದ ಕಾಗದ ಆಗಬೇಕು. ಯಾರು ಎಷ್ಟು, ಯಾವಾಗ, ಯಾತಕ್ಕೆ, ಎಲ್ಲಾ ಬರೆಸೋಣ."

"ಕಮಿಷನ್ನಿಗೂ ಕಾಗದನಾ?" ಮರುಳಪ್ಪ ನಕ್ಕ. "ನಲವತ್ತು ವರ್ಷದಾಗೆ ಯಾರೂ ಕೇಳಿಲ್ಲವ್ವ."

"ಹೊನ್ನಾಳಿಯಾಗೆ ನಾನೂ ಕೇಳ್ಲಿಲ್ಲ," ಅಂದಳು ಸುಚಿತ್ರಾ. ಅಲ್ಲಿ ಒಬ್ಬ ದಲ್ಲಾಳಿ ಅಂಗಡಿ ತೋರಿಸಿದ ದಿನವೇ ಅವಳಿಂದ ಪೂರ್ತಿ ಕಮಿಷನ್ ತೆಗೆದುಕೊಂಡಿದ್ದ. ವಾರದ ನಂತರ ಆ ಅಂಗಡಿ ಇನ್ನೊಬ್ಬರ ಪಾಲಾಯಿತು. ಹಣ ಕೇಳಲು ಹೋದರೆ, ತೋರಿಸಿದ್ದಕ್ಕೆ ಆಯಿತು ಅಂದ. "ಅದು ನಾನು ನೂರಿಪ್ಪತ್ತು ಬ್ಲೌಸ್ ಹೊಲಿದ ದುಡ್ಡು ಅಣ್ಣಾರೆ. ಒಂದೊಂದೂ ಯಾರದ್ದು ಅಂತ ಈಗಲೂ ನೆನಪೈತೆ."

ಮರುಳಪ್ಪ ಟವೆಲ್ಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡ. ಗುರುವಾರ ಹನ್ನೊಂದಕ್ಕೆ ಶಿವಲೀಲಾಳ ಅಂಗಡಿಯಲ್ಲಿ ಸೇರುವುದೆಂದು ಮಾತಾಯಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ರೊಟ್ಟಿ ಮುರಿದವನು ಹಾಗೇ ಹಿಡಿದುಕೊಂಡೇ ಕೂತ. ಗಾದ್ರಮ್ಮ ನೋಡಿದಳು.

"ಏನಾತು? ಪಲ್ಯಕ್ಕೆ ಉಪ್ಪು ಹೆಚ್ಚಾತಾ?"

ಅವನು ಹೇಳಿದ. ಮುಷ್ಟಿಯ ವಿಷಯ ಅವಳಿಗೆ ಗೊತ್ತಿರಲಿಲ್ಲ. ಹತ್ತು ವರ್ಷದಲ್ಲಿ ಅವನು ಅವಳಿಗೂ ತಕ್ಕಡಿ ಸಮ ಎಂದೇ ಹೇಳಿದ್ದ.

"ಅಂದ್ರೆ ಆ ಸಾವ್ಕಾರ್ರು ಒಂದು ರೂಪಾಯಿನೂ ಕೊಟ್ಟಿಲ್ಲ?"

"ಇಲ್ಲ."

"ನೀನು ಎಲ್ಲರ ಮುಂದೆ ಕೊಟ್ರು ಅಂತಿದ್ದೆ?"

"ಹೂಂ."

ಗಾದ್ರಮ್ಮ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. "ಎತ್ತಿಗೆ ಹಲ್ಲು ಬಿದ್ದಿದ್ರೆ ಬಿದ್ದೈತೆ ಅಂತಿದ್ದ ಮನುಷ್ಯ ನೀನು. ಅದಕ್ಕೇ ಜಗಳೂರಿನೋರು ನಿನ್ನ ಹುಡುಕ್ಕೊಂಡು ಬರೋರು," ಅಂದಳು. ಆಮೇಲೆ ಮಜ್ಜಿಗೆ ತರಲು ಒಳಗೆ ಹೋದಳು. 

ಗುರುವಾರ ಸುಚಿತ್ರಾ ಎಲ್ಲರಿಗಿಂತ ಮೊದಲು ಬಂದಿದ್ದಳು. ಹಾಳೆಯೊಂದರಲ್ಲಿ ತನಗೆ ಬೇಕಾದ್ದನ್ನೆಲ್ಲ ಪೆನ್ನಿನಲ್ಲಿ ಬರೆದುಕೊಂಡಿದ್ದಳು. ಶಿವಲೀಲಾ ಅದನ್ನು ಓದಿ ಕನ್ನಡಕವನ್ನು ಮೇಲೆತ್ತಿದಳು.

"ಇದನ್ನೆಲ್ಲ ಬಾಡಿಗೆ ಕರಾರಿನಾಗೆ ಸೇರಿಸಾಕೆ ಬರಲ್ಲ ಸುಚಿತ್ರಾ. ಅದು ಓನರ್‌ಗೂ ನಿಮಗೂ ಆಗೋ ಕಾಗದ. ಹನ್ನೊಂದು ತಿಂಗಳು, ಬಾಡಿಗೆ, ಅಡ್ವಾನ್ಸು, ಕರೆಂಟ್ ಬಿಲ್ಲು, ಬಿಡೋ ಮುಂಚೆ ಎಷ್ಟು ದಿನ ತಿಳಿಸಬೇಕು, ಇವೆಲ್ಲ ಅದರಾಗೆ. ದಲ್ಲಾಳಿ ಅದರಾಗೆ ಬರೀ ಸಾಕ್ಷಿ. ಕಮಿಷನ್ನಿಗೆ ಬೇರೆ ಕಾಗದ ಮಾಡೋಣ. ಮೂರು ಪಾರ್ಟಿ, ಮೂರು ಸಹಿ."

"ಎರಡು ಸ್ಟಾಂಪ್ ಪೇಪರ್ ಆತಲ್ಲ. ಯಾರು ಕೊಡೋದು?" ಮರುಳಪ್ಪ ಬಾಗಿಲಲ್ಲಿ ನಿಂತೇ ಕೇಳಿದ.

"ಬಾಡಿಗೆ ಕಾಗದದ್ದು ನಾನೂ ಓನರ್ರೂ ಅರ್ಧರ್ಧ. ಇದರದ್ದು ನಿಮ್ಮದು. ನಿಮ್ಮ ಕೂಲಿ ಕಾಗದ ಅಲ್ವಾ?"

"ಅಬ್ಬಾ, ಎತ್ತಿನ ಸಂತೇಲಿ ನಿನ್ನಂಥೋರು ಇದ್ದಿದ್ರೆ ನಾನು ಇಪ್ಪತ್ತು ದಿನಾನೂ ಇರ್ತಿರ್ಲಿಲ್ಲ ತಂಗಿ," ಅಂದ. ಶಿವಲೀಲಾ ನಕ್ಕಳು. ಮೊದಲು ಮಾತು ಮುಗಿಸಿ, ಕರಡನ್ನು ಬಿಳಿ ಹಾಳೆಯಲ್ಲಿ ತೆಗೆದು, ಎಲ್ಲರೂ ಒಪ್ಪಿದ ಮೇಲೆ ಸ್ಟಾಂಪ್ ಪೇಪರ್ ತೆಗೆಸುವುದೆಂದಾಯಿತು.

ಒಂದೊಂದೇ ಮಾತು ಬಂತು. ಮಳಿಗೆ ತೋರಿಸಿದ್ದಕ್ಕೆ ಹಣವಿಲ್ಲ. ಬಾಡಿಗೆ ಕರಾರಿಗೆ ಸಹಿ ಬಿದ್ದು ಬೀಗದ ಕೈ ಸುಚಿತ್ರಾಳ ಕೈಗೆ ಬಂದ ದಿನವೇ ಕಮಿಷನ್. ಅಡ್ವಾನ್ಸ್ ಮರುಳಪ್ಪನ ಮೂಲಕ ಹೋಗುವುದಿಲ್ಲ, ಅವಳ ಬ್ಯಾಂಕ್ ಖಾತೆಯಿಂದ ನೇರ ಮುರುಗೇಶಪ್ಪನ ಖಾತೆಗೆ. ಮರುಳಪ್ಪ ಇವಕ್ಕೆಲ್ಲ ಒಪ್ಪಿದ. ಹನ್ನೊಂದು ತಿಂಗಳ ನಂತರ ಕರಾರು ಮುಂದುವರಿಸಿದರೆ ಮತ್ತೆ ಕಮಿಷನ್ ಇಲ್ಲ ಅಂದಾಗ ಮಾತ್ರ ಸ್ವಲ್ಪ ಎಳೆದಾಡಿದ.

"ಅರ್ಧ ತಿಂಗಳದ್ದಾದ್ರೂ..."

"ಆಗ ನೀವು ಏನು ಹುಡುಕಿಕೊಟ್ಟಂಗೆ ಆಗ್ತೈತೆ ಅಣ್ಣಾರೆ? ನಾನು ಅಲ್ಲೇ ಇರ್ತೀನಲ್ಲ."

ಅವನು ಬಿಟ್ಟುಕೊಟ್ಟ. ಬದಲಿಗೆ ತನ್ನದೊಂದು ಮಾತು ಬರೆಸಿದ: "ಹಂಗಾದ್ರೆ ನೀನು ಎರಡೇ ತಿಂಗಳಿಗೆ ಅಂಗಡಿ ಬಿಟ್ಟು ಹೋದ್ರೆ ಕಮಿಷನ್ ವಾಪಸ್ ಕೇಳಂಗಿಲ್ಲ. ಮತ್ತೆ ನೀವಿಬ್ರೂ ಈಗ ವ್ಯವಹಾರ ಮುರೀತು ಅಂತ ಹೇಳಿ, ಮೂರು ತಿಂಗಳೊಳಗೆ ನನ್ನ ಬಿಟ್ಟು ಅದೇ ಮಳಿಗಿ ಮಾಡ್ಕೊಂಡ್ರೆ ನನ್ನದು ನನಗೆ ಸೇರಬೇಕು."

"ನ್ಯಾಯ," ಅಂದಳು ಸುಚಿತ್ರಾ.

ಶಿವಲೀಲಾ ಟೈಪ್ ಮಾಡುತ್ತಾ, "ಓನರ್ ಕಡೆಯಿಂದ ಒಂದು ತಿಂಗಳು, ಒಂಬತ್ತು ಸಾವಿರ ಅಲ್ವಾ ಮರುಳಪ್ಪಣ್ಣ?" ಎಂದು ಕೇಳಿದಳು.

ಅವನು ರಸ್ತೆಯ ಕಡೆ ನೋಡಿದ. "ಹಾಕಿರು," ಅಂದ, ದನಿ ತಗ್ಗಿಸಿ.

ಹನ್ನೊಂದೂವರೆಗೆ ಮುರುಗೇಶಪ್ಪನ ಕಾರು ಬಂತು. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಬಾಗಿಲ ಬಳಿಯ ಬೆಂಚಿನ ಮೇಲೆ ಕೂತವನೇ, "ಎಲ್ಲಿ ಸೈನ್ ಹಾಕ್ಬೇಕು? ನನಗೆ ಮಂಡಿಗೆ ಹೋಗೋದೈತೆ," ಅಂದ. ಅಷ್ಟರಲ್ಲೇ ಹಳೆಯ ಅಭ್ಯಾಸದಿಂದ ಬಲಗೈಯನ್ನು ಮರುಳಪ್ಪನ ಕಡೆ ಚಾಚಿದ. ಕೈ ಆಗಲೇ ಮುಷ್ಟಿಯಾಗಿತ್ತು. ಟವೆಲ್ ಬಂದು ಮುಚ್ಚಲಿ ಎಂದು ಅದು ಗಾಳಿಯಲ್ಲಿ ಕಾಯುತ್ತಿತ್ತು.

ಮರುಳಪ್ಪ ಆ ಮುಷ್ಟಿಯನ್ನು ನೋಡಿದ. ಹತ್ತು ವರ್ಷ ಮುಟ್ಟಿದ್ದ, ಬಯಲಿನಲ್ಲಿ ಕಂಡಿದ್ದು ಇದೇ ಮೊದಲು. ನರೆತ ರೋಮ, ಉಂಗುರ, ಹೆಬ್ಬೆರಳಿನ ಉಗುರಿನಲ್ಲಿ ಅಡಿಕೆಯ ಕಂದು ಕಲೆ. ಅಷ್ಟೇನೂ ಗಟ್ಟಿಯಾದ ಮುಷ್ಟಿಯಲ್ಲ ಅನ್ನಿಸಿತು.

"ಇವತ್ತು ಟವೆಲ್ ಇಲ್ಲ ಸಾವ್ಕಾರ್ರೇ. ಈ ತಾಯಿ ಎಲ್ಲಾ ಬರೆಸ್ಬೇಕು ಅಂದೈತೆ. ಓದ್ರಿ."

ಮುರುಗೇಶಪ್ಪ ಕರಡನ್ನು ಓದಿದ. ಒಂದು ಸಾಲಿನಲ್ಲಿ ಬೆರಳು ನಿಂತಿತು. "ಮಾಲೀಕರು ಒಂಬತ್ತು ಸಾವಿರ... ಇದೇನೋ ಮರುಳಪ್ಪ?"

ಒಳಗೆ ಪ್ರಿಂಟರು ತನ್ನಷ್ಟಕ್ಕೆ ಒಮ್ಮೆ ಗೊರಗುಟ್ಟಿ ಸುಮ್ಮನಾಯಿತು. ಮರುಳಪ್ಪ ಒಂದು ಕಣ್ಣಸನ್ನೆ ಮಾಡಿದ್ದರೆ ಸಾಕಿತ್ತು. ಸೈನ್ ಹಾಕ್ರಿ, ಆಮೇಲೆ ನೋಡಾಣ ಎಂದು ಕಿವಿಯಲ್ಲಿ ಹೇಳಿದ್ದರೆ ಮುರುಗೇಶಪ್ಪ ನಕ್ಕು ಸಹಿ ಹಾಕಿ, ಹಣ ಕೊಡದೆ ಹೋಗುತ್ತಿದ್ದ. ಆರು ಮಳಿಗೆಗಳ ವ್ಯವಹಾರವೂ ಇವನ ಕೈಯಲ್ಲೇ ಉಳಿಯುತ್ತಿತ್ತು. ಕಾಗದವೂ ಒಂದು ಟವೆಲ್ ಆಗುತ್ತಿತ್ತು, ಅಷ್ಟೇ.

"ಶಿವಲೀಲಾ, ಆ ಸಾಲು ತೆಗಿಯವ್ವ," ಅಂದ ಮರುಳಪ್ಪ. "ಓನರ್ ಕಡೆಯಿಂದ ಕಮಿಷನ್ ಇಲ್ಲ ಅಂತ ಹಾಕು. ಅವರು ಹತ್ತು ವರ್ಷದಿಂದ ನನಗೆ ಏನೂ ಕೊಟ್ಟಿಲ್ಲ. ಕೊಡ್ತಾರೆ ಅಂತ ಈಕಿಗೆ ನಾನು ಹೇಳಿದ್ದು ಸುಳ್ಳು. ಇದಕ್ಕೆ ಮುಂಚೆ ಅಂಗಡಿ ಹಿಡಿದೋರಿಗೂ ಅದನ್ನೇ ಹೇಳೀನಿ. ತಪ್ಪು ನಂದು. ಅವರದ್ದಲ್ಲ."

ಸುಚಿತ್ರಾ ತನ್ನ ಚೀಲವನ್ನು ಎಳೆದುಕೊಂಡು ಎದ್ದು ನಿಂತಳು. "ನೀವೂ ಆ ಹೊನ್ನಾಳಿ ದಲ್ಲಾಳಿ ಹಂಗೇನಾ ಅಣ್ಣಾರೆ?"

"ಅರ್ಧ ಹಂಗೇ ತಾಯಿ. ದುಡ್ಡು ತಗೊಂಡು ಕೆಲಸ ಮಾಡದೆ ಬಿಟ್ಟೋನಲ್ಲ. ಆದ್ರೆ ಸುಳ್ಳು ಹೇಳಿದೋನು ಹೌದು." ಅವನು ಕಟ್ಟೆಯ ಮೇಲೆ ಕೂತ. "ಮಳಿಗಿ ಚೆನ್ನಾಗೈತೆ. ಬೆಳಕು ನೀನೇ ನೋಡಿದೀಯ. ನನ್ನ ಮೇಲಿನ ಸಿಟ್ಟಿಗೆ ಅದನ್ನ ಬಿಡಬ್ಯಾಡ. ನನಗೆ ಏನು ಕೊಡಬೇಕು ಅನ್ನಿಸ್ತೈತೋ ಅದನ್ನೇ ಬರೆಸು."

ಅವಳು ನಿಂತೇ ಇದ್ದಳು. ಆಮೇಲೆ ಚೀಲವನ್ನು ಮತ್ತೆ ಬೆಂಚಿನ ಮೇಲಿಟ್ಟಳು. "ಅರ್ಧ ತಿಂಗಳು," ಅಂದಳು. "ನಾಲ್ಕೂವರೆ ಸಾವಿರ. ಸಮ ಆಗದಿದ್ದ ಮೇಲೆ ನಾನೊಬ್ಬಳೇ ಪೂರ್ತಿ ಯಾಕೆ ಹೊರಬೇಕು?"

"ಬರಿಯವ್ವ," ಅಂದ ಮರುಳಪ್ಪ.

ಶಿವಲೀಲಾ ಹೊಸ ಹಾಳೆ ತೆಗೆದು ಮುರುಗೇಶಪ್ಪನ ಮುಂದಿಟ್ಟಳು. ಅವನು ಪೆನ್ನಿನ ಮುಚ್ಚಳ ತೆಗೆದ. ತನ್ನ ಹೆಸರು, ತಂದೆಯ ಹೆಸರು, ಊರು. ಅದರ ಮುಂದೆ: ಕಮಿಷನ್ ಇಲ್ಲ. ಕೆಳಗೆ ಸಹಿಯ ಜಾಗ. ಪೆನ್ನು ಹಾಳೆಯಿಂದ ಒಂದು ಬೆರಳು ಮೇಲೆಯೇ ನಿಂತಿತು.

"ಇದು ಯಾರ್ಯಾರ ಕೈಗೆ ಹೋಗ್ತೈತಮ್ಮ?"

"ಮೂವರಿಗೂ ಒಂದೊಂದು ಪ್ರತಿ ಸರ್. ಎಲ್ಲಾದ್ರಲ್ಲೂ ಮೂರೂ ಸಹಿ."

"ಅಂದ್ರೆ ಈಕಿ ಅಂಗಡೀಲೂ ಇರ್ತೈತೆ."

"ಫೈಲಿನಾಗೆ ಇಡ್ತೀನಿ ಸಾವ್ಕಾರ್ರೇ," ಅಂದಳು ಸುಚಿತ್ರಾ. "ಗೋಡೆಗೇನು ಹಚ್ಚಲ್ಲ."

ಶಿವಲೀಲಾ ತುಟಿ ಬಿಗಿಹಿಡಿದು ಕಂಪ್ಯೂಟರಿನ ಕಡೆ ತಿರುಗಿಕೊಂಡಳು. ಮುರುಗೇಶಪ್ಪನ ಕಿವಿ ಕೆಂಪಾಯಿತು.

"ಮಂಡಿಯಾಗೆ ಅಡಿಕೆ ಮಾರಿದ್ರೆ ಅಲ್ಲಿಯೋರ ಕಮಿಷನ್ ನಾನು ಬಿಡ್ತೀನೇನೋ ಮರುಳಪ್ಪ? ಕೊಡಲ್ಲ ಅಂತ ಯಾವತ್ತು ಅಂದೀನಿ? ನೀನು ಒಂದು ದಿನ ಬಾಯಿಬಿಟ್ಟು ಕೇಳಿದೀಯಾ?"

ಮರುಳಪ್ಪ ಯೋಚಿಸಿದ. ಕೇಳಿರಲಿಲ್ಲ. ಮುಷ್ಟಿ ಮುಟ್ಟಿದ ಪ್ರತಿ ಸಲವೂ ತಾನೇ ಟವೆಲ್ ಎತ್ತಿದ್ದ.

"ಇಲ್ಲ ಸಾವ್ಕಾರ್ರೇ. ಈಗ ಕೇಳ್ತೀನಿ. ಆಕಿ ಅರ್ಧ ಕೊಡ್ತಾಳೆ. ನೀವೂ ಅರ್ಧ ಕೊಡ್ರಿ."

"ಹಳೇದು ಕೇಳಂಗಿಲ್ಲ."

"ಕೇಳಲ್ಲ. ಆ ಸುಳ್ಳು ನಂದು."

"ಮತ್ತೆ ಮಳಿಗಿ ವಿಷಯದಾಗೆ ಈಕಿಗೂ ನನಗೂ ಏನಾದ್ರೂ ಮಾತು ಬಂದ್ರೆ, ಹನ್ನೊಂದು ತಿಂಗಳು ನೀನೇ ನಡುವೆ ನಿಂತು ಮಾತಾಡ್ಬೇಕು. ಶಟರ್ ಕೆಟ್ಟೈತೆ, ಮೀಟರ್ ಓಡ್ತಿಲ್ಲ ಅಂತ ನನಗೆ ದಿನಾ ಫೋನ್ ಬರಬಾರ್ದು. ಅದನ್ನೂ ಬರಿ."

"ಮಾತಾಡ್ತೀನಿ ಅಂತ ಬರೀಲಿ. ರಿಪೇರಿ ಖರ್ಚು ನಿಮ್ಮದೇ ಅಂತಾನೂ ಬರೀಲಿ," ಅಂದ ಮರುಳಪ್ಪ.

ಮುರುಗೇಶಪ್ಪ ಅವನನ್ನೇ ನೋಡಿದ. "ಬಾಯಿ ಬಂತಲ್ಲಪ್ಪ ನಿನಗೆ," ಅಂದ.

ಮೂರನೇ ಸಲ ತೆಗೆದ ಕರಡಿಗೆ ಎಲ್ಲರೂ ತಲೆಯಾಡಿಸಿದರು. ಮಾಲೀಕರಿಂದ ನಾಲ್ಕೂವರೆ ಸಾವಿರ, ಬಾಡಿಗೆದಾರರಿಂದ ನಾಲ್ಕೂವರೆ ಸಾವಿರ. ಮಾಲೀಕರೇ ಮಳಿಗೆ ಕೊಡದೆ ಹಿಂದೆ ಸರಿದರೆ ಬಾಡಿಗೆದಾರರು ಏನೂ ಕೊಡಬೇಕಾಗಿಲ್ಲ. ಮೊದಲಿಗೂ ಅವನಿಗೆ ಸಿಗುತ್ತಿದ್ದದ್ದು ಒಂಬತ್ತು ಸಾವಿರವೇ, ಒಂದೇ ಕೈಯಿಂದ. ಈಗ ಎರಡು ಕೈಯಿಂದ. ಸ್ಟಾಂಪ್ ಪೇಪರ್ ತರಿಸಿ ತೆಗೆದ ಎರಡೂ ಕಾಗದಗಳಿಗೆ ಪಕ್ಕದ ಅಂಗಡಿಯ ದುರುಗಣ್ಣ ಸಾಕ್ಷಿ ಹಾಕಿದ. ಮರುಳಪ್ಪ ಬಾಡಿಗೆ ಕರಾರಿಗೆ ಎಂದಿನಂತೆ ಸಾಕ್ಷಿಯಾಗಿ ಸಹಿ ಮಾಡಿದ. ಕಮಿಷನ್ ಕಾಗದ ಬಂದಾಗ ಅಭ್ಯಾಸದಿಂದ ಕೆಳಗಿನ ಮೂಲೆಯ ಸಾಕ್ಷಿಯ ಜಾಗಕ್ಕೇ ಪೆನ್ನು ಒಯ್ದ.

"ಅಲ್ಲಲ್ಲ ಅಣ್ಣ, ಮೇಲೆ," ಅಂದಳು ಶಿವಲೀಲಾ. "ಇದರಾಗೆ ನೀವು ಪಾರ್ಟಿ."

ಅವನು ಮೇಲಿನ ಸಾಲಿನಲ್ಲಿ, ಇಬ್ಬರ ಹೆಸರಿನ ಪಕ್ಕದಲ್ಲಿ, ನಿಧಾನವಾಗಿ ಬರೆದ. ಎಷ್ಟೋ ಊರ ಎಷ್ಟೋ ಜನರ ವ್ಯವಹಾರ ಕುದುರಿಸಿದ ಕೈ ತನ್ನ ಕೆಲಸಕ್ಕೆ ತನ್ನ ಹೆಸರು ಬರೆದದ್ದು ಅಂದೇ.

ಅಡ್ವಾನ್ಸ್ ಖಾತೆಗೆ ಬಿತ್ತು, ಬೀಗದ ಕೈ ಸುಚಿತ್ರಾಳಿಗೆ ಸಿಕ್ಕಿತು. ಅವಳು ಅಲ್ಲೇ ನಾಲ್ಕೂವರೆ ಸಾವಿರ ಕಳಿಸಿದಳು. ಮುರುಗೇಶಪ್ಪ ಕಾರು ಹತ್ತುವ ಮುಂಚೆ ಐನೂರರ ಒಂಬತ್ತು ನೋಟುಗಳನ್ನು ಬಯಲಿನಲ್ಲೇ, ಎಲ್ಲರಿಗೂ ಕಾಣುವಂತೆ ಮರುಳಪ್ಪನ ಕೈಯಲ್ಲಿಟ್ಟ. ಅವನು ಇಬ್ಬರಿಗೂ ರಸೀದಿ ಬರೆದುಕೊಟ್ಟ.

ಹದಿನೈದು ದಿನ ಕಳೆದ ಮೇಲೆ ಅದೇ ಕಟ್ಟಡದ ನಾಲ್ಕನೇ ಮಳಿಗೆ ಖಾಲಿಯಾಯಿತು. ಮರುಳಪ್ಪನಿಗೆ ಫೋನ್ ಬರಲಿಲ್ಲ. ಶಟರಿನ ಮೇಲೆ ಒಂದು ತಗಡಿನ ಬೋರ್ಡು ತೂಗಿತ್ತು. ಬಾಡಿಗೆಗೆ ಇದೆ, ಕೆಳಗೆ ಮುರುಗೇಶಪ್ಪನ ನಂಬರ್. ಮರುಳಪ್ಪ ಅದನ್ನು ನಿಂತು ಓದಿದ. ಗಾಳಿಗೆ ಒಂದು ಕಡೆಯ ತಂತಿ ಸಡಿಲಾಗಿ ಬೋರ್ಡು ವಾಲಿತ್ತು. ಅವನು ತಂತಿಯನ್ನು ತಿರುವಿ ನೆಟ್ಟಗೆ ಮಾಡಿ ಮುಂದೆ ನಡೆದ. ಗಾದ್ರಮ್ಮನಿಗೆ ಹೇಳಿದಾಗ ಅವಳು, "ಇರ್ಲಿ, ರೊಟ್ಟಿ ಎರಡು ಕಡಿಮಿ ತಟ್ತೀನಿ," ಅಂದಳು. ಆದರೆ ಕಡಿಮೆ ತಟ್ಟಲಿಲ್ಲ.

ತಿಂಗಳಾಗುತ್ತಾ ಬಂತು. ಒಂದು ಬೆಳಿಗ್ಗೆ ನ್ಯಾಮತಿ ಕಡೆಯ ರೇಣುಕಪ್ರಸಾದ್ ಎಂಬವನು ಕಟ್ಟೆಯ ಹತ್ತಿರ ಬಂದು ನಿಂತ. ಕನ್ನಡಕದ ಅಂಗಡಿ ಇಡಬೇಕೆಂದಿದ್ದ.

"ಆ ನಾಲ್ಕನೇ ಮಳಿಗಿ ನೋಡಿದೆ ಯಜಮಾನ್ರೇ."

"ಅಲ್ಲೇ ಬೋರ್ಡಿನಾಗೆ ಓನರ್ ನಂಬರ್ ಐತಲ್ರಿ. ಫೋನ್ ಮಾಡ್ರಿ. ಅದಕ್ಕೆ ನಾನು ಬೇಕಿಲ್ಲ, ಸುಮ್ನೆ ಕಮಿಷನ್ ಯಾಕೆ ಕೊಡ್ತೀರಿ?"

"ಮಾಡಿದೆ. ಅವರೇ ನಿಮ್ಮ ಹತ್ರ ಕಳಿಸಿದ್ರು. ದಿನಕ್ಕೆ ಹತ್ತು ಫೋನು, ಯಾರು ನೆಟ್ಟಗಿನೋರು ಅಂತ ಗೊತ್ತಾಗ್ತಿಲ್ಲ ಅಂದ್ರು. ಅದೇ ಕಟ್ಟಡದ ಟೈಲರ್ ಅಂಗಡಿ ಮೇಡಮ್ಮೂ ನಿಮ್ಮ ಹೆಸರೇ ಹೇಳಿದ್ರು. ಮೂರು ಜನದ ಕಾಗದ ಬರೆಸ್ತಾರೆ ಅಂತ."

ಮರುಳಪ್ಪ ಹೆಗಲಿನಿಂದ ಟವೆಲ್ ತೆಗೆದು, ಬಂದವನು ಕೂರಲೆಂದು ಕಟ್ಟೆಯ ಧೂಳು ಝಾಡಿಸಿದ.

"ಕೂತ್ಕೊಳ್ರಿ," ಅಂದ. "ಮೊದಲು ನನ್ನದು ಎಷ್ಟು ಅಂತ ಹೇಳಿಬಿಡ್ತೀನಿ. ಓನರ್ ಅರ್ಧ ತಿಂಗಳು, ನೀವು ಅರ್ಧ ತಿಂಗಳು." ಒಳಗೆ ಕೂತ ಶಿವಲೀಲಾಳಿಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದ.